ಭಾವನ ಹತ್ತಿರ ಕೇಳಿದ್ದು

ನಮ್ಮ ಕೊಡಗಿನ ಕಡೆ ಮನೆಯಲ್ಲಿ ಸಾವಾದರೆ ಗಂಡಸರಿಗೆ ಆ ಗಳಿಗೆಯಿಂದಲೇ ಕೆಲಸ ಶುರು. ಊರಿಗೆ ತಿಳಿಯಲೆಂದು ಎರಡು ಗುಂಡು ಹಾರಿಸಬೇಕು, ಸೌದೆ ಹೊಂದಿಸಬೇಕು, ದೂರದಿಂದ ಬರುವವರಿಗೆ ಜೀಪು ಕಳಿಸಬೇಕು. ಹೆಂಗಸರು ಹೆಣದ ಪಕ್ಕ ಕೂತು ಅಳುತ್ತಾರೆ, ಅವರನ್ನು ಯಾರೂ ತಡೆಯುವುದಿಲ್ಲ. ಅಪ್ಪ ಹೋದಾಗ ನನ್ನ ಹೆಗಲ ಮೇಲೆ ಕೈಯಿಟ್ಟ ಹಿರಿಯರೆಲ್ಲ ಹೇಳಿದ್ದು ಒಂದೇ ಮಾತು: "ನೀನೇ ಹೀಗಾದ್ರೆ ಅವ್ವನ್ನ ನೋಡಿಕೊಳ್ಳೋರು ಯಾರು?" ಪ್ರೀತಿಯಿಂದಲೇ ಹೇಳಿದ್ದರು. ಗಂಡು ಮಕ್ಕಳಿಗೆ ಅಳಬೇಡ ಎಂದು ಗದರಿಸಿ ಕಲಿಸುವುದು ಕಡಿಮೆ. ದುಃಖ ಬಂದಾಗಲೆಲ್ಲ ಕೈಗೊಂದು ಕೆಲಸ ಕೊಟ್ಟು, ನಿನ್ನ ಕಣ್ಣೀರು ಉಳಿದವರ ಧೈರ್ಯ ಕೆಡಿಸುತ್ತದೆ ಎಂದು ನಂಬಿಸಿಯೇ ಹೆಚ್ಚು ಕಲಿಸುತ್ತೇವೆ. ತಿಥಿ ಮುಗಿದ ಮೇಲೆ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಕೇಳುವವರೂ ತಮ್ಮ ತಮ್ಮ ಮನೆಗೆ ಹೋಗಿರುತ್ತಾರೆ.

2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮ ತೋಟದ ಒಂದು ಮಗ್ಗುಲೂ ಹೋಗಿತ್ತು. ಆಗಲೂ ಅರ್ಜಿ, ಅಳತೆ, ಓಡಾಟ ಎಂದು ದಿನ ಕಳೆದಿದ್ದೆ. ಅಪ್ಪ ತೀರಿಕೊಂಡ ಮೇಲೆ ಎಲ್ಲವೂ ಒಟ್ಟಿಗೆ ಮೇಲೆ ಬಂತು, ಆದರೆ ಅದು ದುಃಖ ಎಂದು ನನಗೆ ಗೊತ್ತಾಗಲಿಲ್ಲ. ನಸುಕಿಗೆ ಮೊದಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ತೋಟದ ಆಳುಗಳ ಮೇಲೆ ಸಣ್ಣದಕ್ಕೂ ಸಿಡಿಯುತ್ತಿದ್ದೆ. ಸಂಜೆಯ ರಮ್ಮು ಜಾಸ್ತಿಯಾಯಿತು. ಎದೆ ಹಿಡಿದಂತಾಗುತ್ತದೆ ಎಂದು ಮಡಿಕೇರಿಗೆ ಹೋಗಿ ಇಸಿಜಿ ಮಾಡಿಸಿದೆ. ಹೃದಯ ಸರಿಯಾಗಿಯೇ ಇತ್ತು. ಬಹಳ ಗಂಡಸರಲ್ಲಿ ಖಿನ್ನತೆ ಹೀಗೆ ಸಿಟ್ಟು, ಕುಡಿತ, ಮೈನೋವಿನ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ.

ಅಲ್ಲಿನ ವೈದ್ಯರು ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿದರು. ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಹೀಗೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿಚಾರಿಸಲೇಬೇಕು. ನನ್ನದು 14. ಕೊನೆಯ ಪ್ರಶ್ನೆ ಬದುಕಿರದಿದ್ದರೆ ಒಳ್ಳೆಯದಿತ್ತು ಎಂಬ ಯೋಚನೆಯ ಬಗ್ಗೆ. ಕೆಲವು ದಿನ ಬಂದಿದೆ ಎಂದೆ. ಅವರು ಗಾಬರಿಯಾಗದೆ ಕೇಳಿದರು: "ಮನೆಯಲ್ಲಿ ಕೋವಿ ಇದೆಯಾ?"

ಕೊಡಗಿನಲ್ಲಿ ಈ ಪ್ರಶ್ನೆ ಕೇಳಲೇಬೇಕು. ಅಂಥ ಯೋಚನೆ ಉಕ್ಕಿ ಬರುವ ಹೊತ್ತು ಸಾಮಾನ್ಯವಾಗಿ ಚಿಕ್ಕದು. ಆ ಹೊತ್ತಿನಲ್ಲಿ ಕೋವಿ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಬೀರುವಿನ ಕೀಲಿ ನನ್ನ ಹತ್ತಿರ ಇರಬಾರದು ಎಂದರು. ಹಾಗಾಗಿ ಯಾರನ್ನಾದರೂ ಕೇಳಲೇಬೇಕಾಯಿತು.

ಅಕ್ಕನ ಗಂಡನನ್ನು ಆರಿಸಿಕೊಂಡೆ. ಗುಟ್ಟು ಬಿಟ್ಟುಕೊಡುವವರಲ್ಲ, ಮನೆಯೂ ಹತ್ತಿರ. ಬೆಳಗಿನ ಹೊತ್ತು ಕಣದಲ್ಲಿ ಕಾಫಿ ಹರಡುವಾಗ ಮಾತೆತ್ತಿದೆ. ಎದುರಾಬದುರು ಕೂತರೆ ನನ್ನಿಂದ ಆಗುತ್ತಿರಲಿಲ್ಲ. ಇಬ್ಬರ ಕಣ್ಣೂ ಕೆಲಸದ ಮೇಲಿದ್ದಾಗ ಬಾಯಿ ಬರುತ್ತದೆ. ಕುಡಿದಾಗ ಹೇಳಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಕುಡಿದು ಹೇಳಿದ್ದನ್ನು ಮರುದಿನ ಇಬ್ಬರೂ ಅಮಲಿನ ಮಾತೆಂದು ಮರೆತುಬಿಡುತ್ತಾರೆ.

"ಭಾವ, ಅಪ್ಪ ಹೋದ ಮೇಲೆ ನನಗೆ ಸರಿಯಿಲ್ಲ. ಸಾಯೋ ಯೋಚನೆನೂ ಬಂದಿದೆ. ಡಾಕ್ಟ್ರಿಗೆ ತೋರಿಸಿದ್ದೇನೆ. ಕೋವಿ ಬೀರುವಿನ ಕೀಲಿ ನೀವು ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಬಂದು ಅರ್ಧ ಗಂಟೆ ನನ್ನ ಜೊತೆ ಕೂರಿ."

"ಅಷ್ಟಕ್ಕೆಲ್ಲ ಹೆದರ್ತಾರೇನೋ? ಸಂಜೆ ಬಾ, ಒಂದು ಪೆಗ್ ಹಾಕೋಣ, ಎಲ್ಲ ಸರಿಹೋಗುತ್ತೆ" ಎಂದರು.

ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ, ಇವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು. ಆದರೆ ಕೇಳುವವರಿಗೂ ನಮ್ಮ ಹಾಗೆಯೇ ಏನಾದರೂ ಮಾಡಿ ಮುಗಿಸುವುದು ಮಾತ್ರ ಗೊತ್ತು. ನಾನು ಮತ್ತೆ ಹೇಳಿದೆ: "ಪರಿಹಾರ ಬೇಡ ಭಾವ. ಕೀಲಿ ಇಟ್ಟುಕೊಳ್ತೀರಾ, ಭಾನುವಾರ ಬರ್ತೀರಾ, ಅಷ್ಟು ಹೇಳಿ." ಅವರು ಕಾಫಿ ಎಳೆಯುವುದನ್ನು ನಿಲ್ಲಿಸಿ ಕೀಲಿಗೆ ಕೈ ಚಾಚಿದರು. ಅದೇ ಸಂಜೆ ಬಂದು ಕಾಡತೂಸಿನ ಡಬ್ಬಿಯನ್ನೂ ಎತ್ತಿಕೊಂಡು ಹೋದರು. "ನನಗೆ ಸಹಾಯ ಬೇಕು" ಎಂದಷ್ಟೇ ಹೇಳಿದ್ದರೆ ಏನು ಮಾಡಬೇಕೆಂದು ಅವರಿಗೂ ತೋಚುತ್ತಿರಲಿಲ್ಲ. ಇಂಥ ವಸ್ತು, ಇಂಥ ವಾರ, ಇಷ್ಟು ಹೊತ್ತು ಎಂದರೆ ಒಪ್ಪುವುದು ಸುಲಭ.

ಭಾವ ವೈದ್ಯರಲ್ಲ, ಹಾಗಾಗುವುದೂ ಬೇಡ. ವೈದ್ಯರು ಕೊಟ್ಟ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಸುಧಾರಿಸಿತೆಂದು ನಾವೇ ಬಿಡುವಂತಿಲ್ಲ. ಆ ವಾರಗಳಲ್ಲಿ ಭಾನುವಾರದ ಅರ್ಧ ಗಂಟೆ ನನ್ನನ್ನು ಹಿಡಿದಿಟ್ಟಿತು. ಎಷ್ಟೋ ಸಲ ನಾವು ಮೆಣಸಿನ ಬಳ್ಳಿಯ ಬಗ್ಗೆಯೇ ಮಾತಾಡಿದ್ದುಂಟು. ಅಪ್ಪನ ಹೆಸರು ತಾನಾಗಿ ಬಂದ ದಿನ ಇಬ್ಬರೂ ಅತ್ತೆವು.

ಮೊದಲು ಕೇಳಿದವರು ನಕ್ಕರೆ ಎರಡನೆಯವರನ್ನು ಮುಂಚೆಯೇ ಯೋಚಿಸಿಟ್ಟುಕೊಳ್ಳಿ. ಗುರುತಿನವರ ಎದುರು ಬಾಯೇ ಬರದಿದ್ದರೆ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಲವಾಗಿದ್ದರೆ ಭಾನುವಾರಕ್ಕೆ ಕಾಯಬೇಡಿ; ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಗಲೇ ಆಸ್ಪತ್ರೆಗೆ ಹೊರಡಿ.