ಲಾಲಾ ಲಜಪತ ರಾಯರ ಕಾಲಪಟ್ಟಿ: ನಾನು ಮಾಡಿದ ರೀತಿ

ಗೋಕಾಕದ ನಮ್ಮ ಶಾಲೆಯ ಗೋಡೆಗೆ ಲಜಪತ ರಾಯರ ಸೆರೆವಾಸ, ಗಡಿಪಾರು, ಪ್ರವಾಸದ ಪಟ್ಟಿ ಬೇಕಿತ್ತು. ಅವರ ಬಗ್ಗೆ ಮಾಹಿತಿ ಸಿಗುತ್ತದೆ, ಆದರೆ ಒಂದು ಕಡೆ ಅಲ್ಲ. ಒಂದು ಪುಸ್ತಕದಲ್ಲಿ ಬಂಧನ, ಇನ್ನೊಂದರಲ್ಲಿ ಬಿಡುಗಡೆ, ಹಳೇ ಪಠ್ಯದಲ್ಲಿ ಬರೀ ಇಸವಿ.

ಮೊದಲು ಒಂದು ಚೀಟಿಗೆ ಒಂದೇ ಸಂಗತಿ ಬರೆದೆ: ಯಾವಾಗ, ಎಲ್ಲಿ, ಎಲ್ಲಿ ಓದಿದ್ದು. ಆಮೇಲೆ ಡ್ರಾಯಿಂಗ್ ಶೀಟಿನ ಮೇಲೆ 1905ರಿಂದ 1928ರವರೆಗೆ ಗೆರೆ ಎಳೆದೆ. ಒಂದು ವರ್ಷಕ್ಕೆ ಎರಡು ಸೆಂಟಿಮೀಟರ್. ಸೆರೆಗೆ ಕೆಂಪು, ಪ್ರವಾಸಕ್ಕೆ ನೀಲಿ.

ಬರ್ಮಾದ ಮಂಡಾಲೆಯ ಚೀಟಿಗೆ ಬಂದಾಗ ಒಬ್ಬ ಹುಡುಗ, "ಸರ್, ಅಲ್ಲಿಗೆ ಹೋದವ್ರು ತಿಲಕರಲ್ರೀ?" ಅಂದ. ಇಬ್ಬರೂ ಹೋದವರೇ. ತಿಲಕರಿಗೆ ವಿಚಾರಣೆ ನಡೆದು 1908ರಲ್ಲಿ ಆರು ವರ್ಷ ಶಿಕ್ಷೆಯಾಯಿತು. ರಾಯರಿಗೆ ವಿಚಾರಣೆಯೇ ಇಲ್ಲ. 1818ರ ಒಂದು ಹಳೇ ಕಾನೂನು ಹಿಡಿದುಕೊಂಡು 1907ರ ಮೇ 9ರಂದು ಲಾಹೋರಿನಲ್ಲಿ ಬಂಧಿಸಿ ಬರ್ಮಾಕ್ಕೆ ಕಳಿಸಿಬಿಟ್ಟರು. ಹಾಗಾಗಿ 'ಶಿಕ್ಷೆ ಎಷ್ಟು' ಅನ್ನೋ ಖಾನೆ ಖಾಲಿ ಬಿಡಬೇಕು. ಸುಮ್ನೆ 'ಆರು ತಿಂಗಳ ಶಿಕ್ಷೆ' ಎಂದು ತುಂಬಿದರೆ ತಪ್ಪು. ಅವರನ್ನು ಬಿಟ್ಟದ್ದು ಅದೇ ನವೆಂಬರಿನಲ್ಲಿ. ಇದನ್ನು ತಾಳೆ ನೋಡಲು ಒಂದು ದಾರಿ ಇದೆ: ಡಿಸೆಂಬರಿನ ಸೂರತ್ ಕಾಂಗ್ರೆಸ್ಸಿನ ಅಧ್ಯಕ್ಷತೆಗೆ ತಿಲಕರ ಕಡೆಯವರು ರಾಯರ ಹೆಸರು ಮುಂದಿಟ್ಟಿದ್ದರು. ಶೀಟಿನಲ್ಲಿ ಕೆಂಪು ಗೆರೆ ಒಂದೇ ಸೆಂಟಿಮೀಟರ್ ಬಂತು.

ತಲೆ ಕೆಡಿಸಿದ್ದು 1914ರಿಂದ 1920ರ ಭಾಗ. 'ಅಮೆರಿಕದಲ್ಲಿದ್ದರು' ಎಂದು ಒಂದೇ ಸಾಲಿನಲ್ಲಿ ಮುಗಿಸುವವರೇ ಜಾಸ್ತಿ. ಚೀಟಿ ಜೋಡಿಸಿದರೆ ಬೇರೆಯೇ ಕಾಣುತ್ತದೆ. 1914ರಲ್ಲಿ ಹೋದದ್ದು ಇಂಗ್ಲೆಂಡಿಗೆ, ಕಾಂಗ್ರೆಸ್ ನಿಯೋಗದ ಜೊತೆ. ಅಲ್ಲಿದ್ದಾಗಲೇ ಯುದ್ಧ ಶುರುವಾಯಿತು. ವರ್ಷದ ಕೊನೆಗೆ ಅಮೆರಿಕ, 1915ರಲ್ಲಿ ಜಪಾನ್, ಮತ್ತೆ ಅಮೆರಿಕ. 1917ರಲ್ಲಿ ನ್ಯೂಯಾರ್ಕಿನಲ್ಲಿ ಹೋಂ ರೂಲ್ ಲೀಗ್ ಕಟ್ಟಿದರು. ನಮ್ಮ ಬೆಳಗಾವಿಯಲ್ಲಿ ತಿಲಕರ ಲೀಗ್ ಶುರುವಾದದ್ದು 1916ರ ಏಪ್ರಿಲ್‌ನಲ್ಲಿ. ಹುಡುಗರು ಎರಡನ್ನೂ ಬೆರೆಸುತ್ತಾರೆ ಅಂತ ಅದನ್ನೂ ಪಕ್ಕದಲ್ಲೇ ಪೆನ್ಸಿಲಿನಿಂದ ಬರೆದೆ.

ಇದು ಪ್ರವಾಸವೋ, ಗಡಿಪಾರೋ? ಹೋದದ್ದು ತಾವಾಗಿಯೇ. ಆದರೆ ಯುದ್ಧ ಮುಗಿಯುವವರೆಗೂ ಸರ್ಕಾರ ಊರಿಗೆ ಮರಳಲು ಬಿಡಲಿಲ್ಲ. ಹಾಗಾಗಿ ನೀಲಿ ಗೆರೆಯನ್ನೇ ಎಳೆದು, ಅದರ ಮೇಲೆ ಕೆಂಪು ಅಡ್ಡಗೀಟು ಹಾಕಿದೆ. 1920ರ ಫೆಬ್ರವರಿಯಲ್ಲಿ ವಾಪಸ್ ಬಂದರು. ಗೆರೆ ಹನ್ನೊಂದು ಸೆಂಟಿಮೀಟರ್ ದಾಟಿತು, ಸೆರೆಮನೆಯ ಗೆರೆಗಳೆಲ್ಲ ಸೇರಿದರೂ ಅದರ ಅರ್ಧ ಇಲ್ಲ.

1921ರ ಡಿಸೆಂಬರಿನಲ್ಲಿ ಮತ್ತೆ ಸೆರೆ. 1923ರ ಆಗಸ್ಟಿನಲ್ಲಿ ಬಿಡುಗಡೆ. ತಿಂಗಳು ಗೊತ್ತಿದ್ದು ದಿನ ಖಾತ್ರಿಯಾಗದ ಕಡೆ ಗೆರೆಯ ತುದಿಯನ್ನು ಚುಕ್ಕೆಗಳಿಂದ ಬಿಡಿಸಿದ್ದೇನೆ. ಯಾರಾದರೂ ಒಳ್ಳೆಯ ಆಧಾರ ತಂದರೆ ಆ ಚುಕ್ಕೆ ಅಳಿಸಿ ಗೆರೆ ಪೂರ್ತಿ ಮಾಡುವುದು, ಅಷ್ಟೇ.