ತಾಂಡಿಯಿಂದ ಕಾರುವಿನವರೆಗೆ: ನನ್ನ ಟ್ಯಾಂಕಿನ ಲೆಕ್ಕ

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಅಂತ ಒಂದು ಊರಿದೆ. ನಾನು ಹೋದಾಗ ಅಲ್ಲಿನ ಬಂಕ್‌ ಹತ್ತಿರ ಒಂದು ಬೋರ್ಡು ಇತ್ತು: ಮುಂದಿನ ಬಂಕ್ 365 ಕಿ.ಮೀ. ದೂರ. ಅದು ಲೇಹ್‌ವರೆಗಿನ ಲೆಕ್ಕ. ಲೇಹ್‌ಗೆ ಸುಮಾರು 35 ಕಿ.ಮೀ. ಮೊದಲು ಕಾರುವಿನಲ್ಲಿ ಬಂಕ್ ಇದೆ. ಹಾಗಾಗಿ ನಾನು ದಾಟಬೇಕಿದ್ದದ್ದು 330 ಕಿ.ಮೀ.

2018ರ ಜುಲೈನಲ್ಲಿ ಹೋಗುವ ಮೊದಲು ಕೊಪ್ಪಳದಲ್ಲೇ ಲೆಕ್ಕ ಹಾಕಿದೆ. ನನ್ನದು ಕಾರ್ಬೊರೇಟರ್ ಇರುವ ಹಳೆ 350 ಸಿಸಿ ಬುಲೆಟ್, ಟ್ಯಾಂಕ್ 13.5 ಲೀಟರ್. ಸೆಂಟರ್ ಸ್ಟ್ಯಾಂಡ್ ಹಾಕಿ ಫುಲ್ ಮಾಡಿಸಿ, ಬಳ್ಳಾರಿಗೆ ಹೋಗಿ ಬಂದು, ಅದೇ ಬಂಕ್‌ನಲ್ಲಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದೆ. 190 ಕಿ.ಮೀ.ಗೆ 5.4 ಲೀಟರ್ ಹಿಡಿಯಿತು, ಅಂದರೆ ಲೀಟರಿಗೆ 35. ಇನ್ನೊಂದು ದಿನ ಗೆಳೆಯನನ್ನು ಹಿಂದೆ ಕೂರಿಸಿ, ಪೂರ್ತಿ ಲಗೇಜ್ ಕಟ್ಟಿ ಹೋದಾಗ 6.1 ಲೀಟರ್ ಬೇಕಾಯಿತು. ಲೀಟರಿಗೆ 31. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಎರಡನೆಯದನ್ನೇ.

ನಮ್ಮ ಮೇಸ್ತ್ರಿ ಅದನ್ನೂ ಕಡಿಮೆ ಮಾಡಿಸಿದರು. "ತಮ್ಮಾ, ಅಲ್ಲಿ ಮ್ಯಾಲೆ ಗಾಳಿ ತೆಳು ಇರ್ತೈತಿ. ಕಾರ್ಬೊರೇಟರ್‌ಗೆ ಅದು ತಿಳಿಯಂಗಿಲ್ಲ, ಪೆಟ್ರೋಲ್ ಮಾತ್ರ ಅಷ್ಟೇ ಬಿಡ್ತೈತಿ" ಅಂದರು. ಪ್ಲಗ್ ಬಿಚ್ಚಿದಾಗ ಮಸಿ ಹಿಡಿದಿದ್ದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ ಅನ್ನೋದಕ್ಕೆ ಅದೇ ಗುರುತು. ಏರು ದಾರಿಯ ಕಡಿಮೆ ಗೇರ್ ಬೇರೆ. ಅದಕ್ಕೆ 31ರಲ್ಲಿ ಕಾಲು ಭಾಗ ತೆಗೆದು 23 ಅಂತ ಹಿಡಿದೆ. ತಳದಲ್ಲಿ ಅರ್ಧ ಲೀಟರ್ ಸಿಗಲ್ಲ ಅಂದುಕೊಂಡರೆ ಉಳಿಯುವುದು 13 ಲೀಟರ್, ಓಡುವುದು 299 ಕಿ.ಮೀ. 31 ಕಿ.ಮೀ. ಕಡಿಮೆ ಬಿತ್ತು!

ಹಾಗಾಗಿ 5 ಲೀಟರಿನ ತಗಡಿನ ಕ್ಯಾನ್ ಕೊಂಡೆ. ದಾರಿಯ ಟೆಂಟ್‌ಗಳಲ್ಲಿ ಬಾಟಲಿ ಪೆಟ್ರೋಲ್ ಸಿಗಬಹುದು ಅಂತ ನಂಬಿ ಹೊರಡಲು ಮನಸ್ಸಾಗಲಿಲ್ಲ. ಮುಂಚೆ ಒಮ್ಮೆ ಬಿಸಿಲಲ್ಲಿ ಪ್ಲಾಸ್ಟಿಕ್ ಕ್ಯಾನ್ ಉಬ್ಬಿ, ಮುಚ್ಚಳದಲ್ಲಿ ಸೋರಿ ಬಟ್ಟೆಯೆಲ್ಲ ಹಾಳಾಗಿತ್ತು. ಎತ್ತರದಲ್ಲಿ ಹೊರಗಿನ ಒತ್ತಡ ಇಳಿಯುವುದರಿಂದ ಅದು ಇನ್ನೂ ಜಾಸ್ತಿ. ಅದಕ್ಕೆ 4.5 ಲೀಟರ್ ಮಾತ್ರ ತುಂಬಿಸಿ, ಸೈಲೆನ್ಸರ್ ಇಲ್ಲದ ಕಡೆ ನೆಟ್ಟಗೆ ಕಟ್ಟಿದೆ.

ತಾಂಡಿಯಿಂದ ಸುಮಾರು 190 ಕಿ.ಮೀ. ಆದಮೇಲೆ ಪಾಂಗ್ ಬಂತು. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಇಂಜಿನ್ ಪೂರ್ತಿ ಆರಲು ಬಿಟ್ಟು, ಕ್ಯಾನಿನ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ನಿಧಾನವಾಗಿ ತಿರುಗಿಸಿದೆ. ಬುಸ್ ಅಂತ ಗಾಳಿ ಬಂತು. ಪೆಟ್ರೋಲನ್ನೆಲ್ಲ ಟ್ಯಾಂಕಿಗೆ ಸುರಿದೆ. ಮುಂದೆ ಮೋರೆ ಬಯಲು ಮಟ್ಟಸ, ಅಲ್ಲಿ ಮೈಲೇಜ್ ಸ್ವಲ್ಪ ಚೇತರಿಸಿಕೊಂಡಿರಬೇಕು. ತಗ್ಲಂಗ್ ಲಾ ಏರುವಾಗ ಮತ್ತೆ ಎರಡನೇ ಗೇರ್.

ಕಾರುವಿನಲ್ಲಿ ಫುಲ್ ಮಾಡಿಸಿದಾಗ 8.2 ಲೀಟರ್ ಹಿಡಿಯಿತು. ಕ್ಯಾನಿನದೂ ಸೇರಿಸಿದರೆ 12.7 ಲೀಟರ್, ಲೀಟರಿಗೆ 26. ಕ್ಯಾನ್ ಇಲ್ಲದಿದ್ದರೂ ಬರೀ ಟ್ಯಾಂಕಿನಲ್ಲೇ ಮುಟ್ಟುತ್ತಿದ್ದೆ. ಆದರೆ ಲೆಕ್ಕಕ್ಕೆ ಹಿಡಿದ 13 ಲೀಟರಿನಲ್ಲಿ 300 ಎಂ.ಎಲ್. ಮಾತ್ರ ಉಳಿಯುತ್ತಿತ್ತು, ಅಂದರೆ ಎಂಟು ಕಿ.ಮೀ.ಗೆ ಆಗುವಷ್ಟು.