ಶುಕ್ರವಾರದ ರೈಲು ಅರಸೀಕೆರೆಗೆ ಯಾವ ವಾರ ಬರುತ್ತದೆ?

ರೈಲು ವೇಳಾಪಟ್ಟಿಯಲ್ಲಿ ಗಂಟೆ ನೋಡುವುದು ಎಲ್ಲರಿಗೂ ಗೊತ್ತು. ಎಡವುವುದು ವಾರದ ಲೆಕ್ಕದಲ್ಲಿ. ಬೆಳಗಾವಿಯಿಂದ ಹಾಸನಕ್ಕೆ ಹೋಗಬೇಕು, ಅರಸೀಕೆರೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು ಎಂದಿಟ್ಟುಕೊಳ್ಳಿ. ಇಲ್ಲಿನ ಸಮಯಗಳೆಲ್ಲ ಲೆಕ್ಕ ತಿಳಿಯಲೆಂದು ನಾನೇ ಹಾಕಿಕೊಂಡವು.

ಮೊದಲು, ಉತ್ತರದ ದೂರದ ಊರಿನಿಂದ ಬೆಂಗಳೂರಿಗೆ ಬರುವ ವಾರಕ್ಕೊಂದು ರೈಲು. ಓಡುವ ದಿನ ‘ಶುಕ್ರ’ ಎಂದಿದೆ. ಇದು ಬೆಳಗಾವಿಯ ಶುಕ್ರವಾರವಲ್ಲ, ಗಾಡಿ ಹೊರಡುವ ಊರಿನ ಶುಕ್ರವಾರ. ನಿಮ್ಮ ನಿಲ್ದಾಣದ ವಾರ ತಿಳಿಯಲು IRCTC ವೇಳಾಪಟ್ಟಿಯ ಕೊನೆಯಲ್ಲಿರುವ Day ಎಂಬ ಕಾಲಂ ನೋಡಿ. ಅಲ್ಲಿರುವ ಅಂಕಿಯಲ್ಲಿ ಒಂದು ಕಳೆದು, ಉಳಿದಷ್ಟು ದಿನವನ್ನು ಹೊರಟ ವಾರಕ್ಕೆ ಕೂಡಿ. ಬೆಳಗಾವಿ 17:30, Day 2 ಎಂದಿದ್ದರೆ ಶನಿವಾರ ಸಂಜೆ. ಅರಸೀಕೆರೆ (ASK) 01:40, Day 3 ಎಂದಿದ್ದರೆ ಭಾನುವಾರದ ನಸುಕು. ನಮ್ಮ ಮನೆಗಳಲ್ಲಿ ಅದನ್ನು ‘ಶನಿವಾರ ರಾತ್ರಿ’ ಎಂದೇ ಹೇಳುತ್ತೇವೆ, ಎಡವಟ್ಟು ಅಲ್ಲೇ. 00:20ಕ್ಕೆ ಹೊರಡುವ ರೈಲಿಗೆ ಹಿಂದಿನ ದಿನದ ತಾರೀಖಿನ ಟಿಕೆಟ್ ತೆಗೆಸಿ ನಾನೊಮ್ಮೆ ಹಾಸಿಗೆ ಸಮೇತ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದೆ. ಗಾಡಿ ಹಿಂದಿನ ರಾತ್ರಿಯೇ ಹೋಗಿತ್ತು.

ಈಗ ಎರಡನೇ ಗಾಡಿ. ಅರಸೀಕೆರೆಯಿಂದ ಹಾಸನಕ್ಕೆ ಬೆಳಿಗ್ಗೆ 05:50ಕ್ಕೆ ಪ್ಯಾಸೆಂಜರ್ ಇದೆ, ಸಮಯದ ಪಕ್ಕ ಒಂದು ಪುಟ್ಟ ನಕ್ಷತ್ರ. ಪುಟದ ಅಡಿಗೆ ಇಳಿದರೆ ‘ಭಾನುವಾರ ಹೊರತು’ ಎಂದಿದೆ. ಎರಡೂ ಗಾಡಿಗಳನ್ನು ಬೇರೆ ಬೇರೆ ನೋಡಿದರೆ ನಾಲ್ಕು ಗಂಟೆ ಬಿಡುವಿನ ಸೊಗಸಾದ ಜೋಡಿ. ಲೆಕ್ಕ ಹಾಕಿದರೆ ಅವು ಎಂದೂ ಸೇರುವುದೇ ಇಲ್ಲ. ಹೊರಡುವ ಮೊದಲೇ ಇದು ಕಂಡರೆ ದಾರಿಯಿದೆ: ಅರಸೀಕೆರೆಯಿಂದ ಹಾಸನ ಸುಮಾರು 45 ಕಿ.ಮೀ., ಬಸ್ಸಿನಲ್ಲಿ ಹೋಗಬಹುದು. ಆದರೆ ನಸುಕಿನ ಎರಡು ಗಂಟೆಗೆ ಬಸ್ ಸಿಗುತ್ತದೆಂದು ನಂಬಬೇಡಿ, ಬೆಳಗಾಗುವವರೆಗೆ ನಿಲ್ದಾಣದಲ್ಲೇ ಕೂರುವ ಸಿದ್ಧತೆ ಇರಲಿ.

ವಾರ ಹೊಂದಿದರೆ ಮುಂದಿನದು ನಡುವಿನ ಬಿಡುವು. ದೂರದಿಂದ ಬರುವ ಗಾಡಿ ತಡವಾಗುವುದು ಸಾಮಾನ್ಯ, ನಾನಂತೂ ಎರಡು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಬದಲಾವಣೆ ಬೆಂಗಳೂರಿನಲ್ಲಾದರೆ ನಿಲ್ದಾಣದ ಕೋಡ್ ಕೂಡ ನೋಡಿ. SBC, YPR, SMVB ಮೂರೂ ಬೇರೆ ನಿಲ್ದಾಣಗಳು, ನಡುವೆ ಊರಿನ ಟ್ರಾಫಿಕ್ ಇದೆ.

ಎರಡೂ ಟಿಕೆಟ್ ಕಾಯ್ದಿರಿಸಿದವಾದರೆ ಅವುಗಳ PNR ಜೋಡಿಸಿ. 2019ರ ಏಪ್ರಿಲ್‌ನಿಂದ ಈ ಸೌಲಭ್ಯವಿದೆ. ಪ್ರಯಾಣಿಕರ ವಿವರ ಎರಡರಲ್ಲೂ ಒಂದೇ ಇರಬೇಕು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಮೊದಲನೆಯದು ಬಂದು ತಲುಪಿದ ಮೂರು ಗಂಟೆಯೊಳಗೆ ಕೇಳಿದರೆ ಎರಡನೆಯದರ ಹಣ ಕಡಿತವಿಲ್ಲದೆ ವಾಪಸ್ ಬರುತ್ತದೆ. ಕಾಯ್ದಿರಿಸದ ಪ್ಯಾಸೆಂಜರ್ ಟಿಕೆಟ್‌ಗೆ ಈ ಲೆಕ್ಕ ಬರುವುದಿಲ್ಲ.